ಸಾಹೇಬರ ಉಪವಾಸ

ಗಡಿಯಾರದಣ್ಣನಿಗೆ ಎಂಥ ಕೆಟ್ಟ ಗಡಿಯಾರವನ್ನೂ ನಡೆಸುವ ಕೈಗುಣವಿತ್ತು. ಆದರೆ ಇವತ್ತು ಯಾವ ವಾರ ಎಂಬುದನ್ನು ಮಾತ್ರ ಹೆಂಡತಿಯನ್ನೇ ಕೇಳಬೇಕು. ಅಂಥ ಮರೆಗುಳಿಯ ಕೈಗೆ ಡ್ರಾಯಿಂಗ್ ಮೇಷ್ಟ್ರು ಮನೆಯ ಕೀಲಿ ಕೊಟ್ಟು, ಒಂದು ವಾರ ತಂಗಿಯ ಊರಿಗೆ ಹೊರಟುಬಿಟ್ಟಿದ್ದರು.

"ಸಾಹೇಬನಿಗೆ ಬೆಳಿಗ್ಗೆ ಅರ್ಧ ಲೋಟ ತಿನಿಸು, ಸಂಜೆ ಅರ್ಧ ಲೋಟ. ನೀರು ದಿನಾ ಬದಲಾಯಿಸು. ಮರಳಿನ ಟ್ರೇ ಚೊಕ್ಕ ಮಾಡೋದು ಮರೀಬೇಡ. ಗಿಡಕ್ಕೆ ಸುಮ್ಮನೆ ನೀರು ಸುರೀಬೇಡ ಕಣೋ, ಮಣ್ಣಿಗೆ ಬೆರಳು ಇಳಿಸಿ ನೋಡು, ಒಣಗಿದ್ರೆ ಮಾತ್ರ."

ಸಾಹೇಬ ಎಂದರೆ ಬೆಕ್ಕು. ಹತ್ತು ವರ್ಷದ ಹಿಂದೆ ಇದೇ ಮೇಷ್ಟ್ರು ಇದೇ ಗೆಳೆಯನಿಗೆ ಎರಡು ಮೀನು ಒಪ್ಪಿಸಿ ಹೋಗಿದ್ದರು. ಅಣ್ಣ ಮರೆತ, ಮೀನು ಉಳಿಯಲಿಲ್ಲ. ಮೇಷ್ಟ್ರು ಒಂದು ಮಾತೂ ಆಡಿರಲಿಲ್ಲ. ಬೈದಿದ್ದರಾದರೂ ಅಣ್ಣನ ಮನಸ್ಸು ಹಗುರವಾಗುತ್ತಿತ್ತು. ಈ ಸಲ ಸಾಹೇಬನ ಒಂದು ಮೀಸೆಯೂ ಕೊಂಕಬಾರದೆಂದು ಅವನು ಪಣ ತೊಟ್ಟಿದ್ದ. ಅಂಗಡಿಗೆ ಹೋಗುತ್ತಾ ಒಮ್ಮೆ, ಬರುತ್ತಾ ಒಮ್ಮೆ, ಐದು ದಿನವೂ ತಪ್ಪಿಸಿರಲಿಲ್ಲ.

ಆರನೆಯ ದಿನ ಬೆಳಿಗ್ಗೆ ಬಾಗಿಲು ತೆಗೆದು ನೋಡಿದ. ಹಿಂದಿನ ಸಂಜೆ ಹಾಕಿದ ತಿನಿಸಿನ ಕಾಳು ತಟ್ಟೆಯಲ್ಲಿ ಹಾಗೇ ಇತ್ತು. ಸಾಹೇಬ ಸೋಫಾದ ಮೇಲೆ ಮೂಟೆಯ ಹಾಗೆ ಬಿದ್ದಿದ್ದ. ಕಿಟಕಿಯ ಗಿಡಗಳ ಎಲೆಗಳು ಹಳದಿಯಾಗಿ ಜೋತುಬಿದ್ದಿದ್ದವು.

"ಅಯ್ಯೋ ಶಿವನೇ, ಬಾಯಾರಿಕೆ!" ಎಂದು ಪ್ರತಿ ಕುಂಡಕ್ಕೂ ಒಂದೊಂದು ಚೊಂಬು ಸುರಿದ. ಬೆರಳು ಇಳಿಸುವುದು ಮರೆತೇ ಹೋಗಿತ್ತು. ಆಮೇಲೆ ಸಾಹೇಬನನ್ನು ಬುಟ್ಟಿಗೆ ತುಂಬಲು ಹೋಗಿ ಎರಡೂ ಕೈ ಪರಚಿಸಿಕೊಂಡ.

ಮೆಟ್ಟಿಲಲ್ಲಿ ಕೆಳಮನೆಯ ಟೈಲರ್ ಅಕ್ಕ ಸಿಕ್ಕರು. "ಅಂತೂ ಇವತ್ತು ನೆನಪಾಯ್ತಾ ಅಣ್ಣಾ?"

"ಊಟ ಬಿಟ್ಟಿದಾನೆ ಅಕ್ಕಾ. ಮೇಷ್ಟ್ರ ಕೊರಗು ಹಚ್ಕೊಂಡಿರಬೇಕು."

"ಪಾಪ, ಮೂಕಪ್ರಾಣಿ," ಎಂದು ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡರು.

ದನದ ಡಾಕ್ಟರು ಅಣ್ಣನ ಕೊರಗಿನ ಕಥೆ ಕೇಳಿಸಿಕೊಂಡು ಸಾಹೇಬನ ಹೊಟ್ಟೆ ಒತ್ತಿ ನೋಡಿದರು, ತೂಕ ಹಾಕಿದರು, ಹಳೆಯ ಚೀಟಿಯ ಜೊತೆ ಹೋಲಿಸಿದರು. "ಕೊರಗೂ ಇಲ್ಲ, ಗಿರಗೂ ಇಲ್ಲ. ಇವನಿಗೆ ಅಜೀರ್ಣ. ದಿನಕ್ಕೆ ಎಷ್ಟು ಸಲ ಹಾಕ್ತೀರಿ?"

"ಎರಡೇ ಸಲ ಸ್ವಾಮಿ."

"ಇದು ನಾಲ್ಕೈದು ಸಲ ಉಂಡ ಹೊಟ್ಟೆ. ಇನ್ನೂ ಯಾರೋ ಹಾಕ್ತಿದಾರೆ."

ಅಣ್ಣನಿಗೆ ಮುಖಕ್ಕೆ ಹೊಡೆದ ಹಾಗಾಯಿತು. ಹಾಗಾದರೆ ಮೇಷ್ಟ್ರಿಗೆ ನಂಬಿಕೆಯಿಲ್ಲ! ಆ ಮೀನು ಮರೆತಿಲ್ಲ! ಅಲ್ಲೇ ಬೆಂಚಿನ ಮೇಲೆ ಕೂತು ಫೋನು ಹಚ್ಚಿದ.

"ನಿಜ ಹೇಳೋ. ಕೀಲಿ ಇನ್ನೆಷ್ಟು ಜನಕ್ಕೆ ಕೊಟ್ಟಿದೀಯ?"

"ಇರೋದೇ ಒಂದು ಕೀಲಿ ಕಣೋ. ನಿನ್ನ ಕೈಗೇ ಕೊಟ್ನಲ್ಲ."

"ಮೀನಿನ ವಿಷ್ಯ ಗೊತ್ತಿದ್ದೂ?"

"ಆವತ್ತು ನೀನು ನನಗಿಂತ ಜಾಸ್ತಿ ಅತ್ತಿದ್ದೆ. ಅದಕ್ಕೇ ನಿನಗೆ ಕೊಟ್ಟೆ."

ಅಣ್ಣ ಫೋನು ಜೇಬಿಗಿಟ್ಟ. ಸಾಹೇಬನನ್ನು ಎದೆಗೊತ್ತಿಕೊಂಡು, ಆ ಕಳ್ಳ ಯಾರೆಂದು ಹಿಡಿದೇಬಿಡುತ್ತೇನೆ ಎಂದು ವಾಪಸು ಬಂದ. ಬಾಗಿಲು ತೆರೆದಿತ್ತು. ಒಳಗೆ ಅವನ ಹೆಂಡತಿ ನೀರಿನ ಚೊಂಬು ಹಿಡಿದಿದ್ದಳು, ಟೈಲರ್ ಅಕ್ಕ ಬಕೆಟ್ಟೇ ಹಿಡಿದಿದ್ದರು. ಇಬ್ಬರೂ ದೆವ್ವ ಕಂಡವರ ಹಾಗೆ ಒಬ್ಬರನ್ನೊಬ್ಬರು ನೋಡುತ್ತಿದ್ದರು. ಇಬ್ಬರ ಕೈಯಲ್ಲೂ ಒಂದೊಂದು ಕೀಲಿ.

"ಸಿಕ್ಕಿಬಿದ್ರಾ! ಎಲ್ಲಿಂದ ಬಂತು ಈ ಕೀಲಿ?"

ಹೆಂಡತಿ ಅವನನ್ನೇ ದಿಟ್ಟಿಸಿದಳು. "ನೀವೇ ಮಾಡಿಸಿ ತಂದ್ರಲ್ರೀ ಮೊದಲ್ನೇ ದಿನ! 'ನಾನು ಮರೆತ್ರೆ ಸಾಹೇಬ ಉಪವಾಸ ಬೀಳ್ತಾನೆ, ನೀನು ಹೋಗಿ ಬಾ' ಅಂತ ಕೈ ಹಿಡ್ಕೊಂಡು ಹೇಳಿದ್ರಿ."

"ನನಗೂ ಅದೇ ಮಾತು," ಎಂದರು ಅಕ್ಕ. "ಬಂದಾಗೆಲ್ಲ ತಟ್ಟೆ ಖಾಲಿ ಇರ್ತಿತ್ತು, ನೀವು ಮರೆತೇ ಬಿಟ್ಟಿದೀರಿ ಅಂದ್ಕೊಂಡೆ. ಹೇಳಿದ್ರೆ ನೊಂದ್ಕೋತೀರಿ ಅಂತ ಬಾಯಿ ಬಿಡ್ಲಿಲ್ಲ."

"ನಾನೂ ಅಷ್ಟೇ," ಎಂದಳು ಹೆಂಡತಿ ಮೆಲ್ಲಗೆ.

ಹೇಳಿದ್ದೇನೋ ಅವನೇ. ಹೇಳಿದ್ದನ್ನು ಮಾತ್ರ ಮರೆತಿದ್ದ.

ಮೂವರೂ ಸೇರಿ ಕುಂಡಗಳ ತಟ್ಟೆಯಲ್ಲಿ ನಿಂತ ನೀರು ಚೆಲ್ಲಿ, ಗಿಡಗಳನ್ನು ಗಾಳಿಗೆ ಇಟ್ಟರು. ಅಣ್ಣ ಮಣ್ಣಿಗೆ ಬೆರಳು ಇಳಿಸಿದ; ಬೆರಳಿಗೆ ಕೆಸರು ಮೆತ್ತಿಕೊಂಡು ಬಂತು. ನಾಳೆ ಮೇಷ್ಟ್ರು ಬಂದ ಕೂಡಲೇ ಎಲ್ಲ ಒಪ್ಪಿಕೊಂಡು ಕೀಲಿ ಮೂರನ್ನೂ ಕೈಗಿಡಬೇಕು ಎಂದು ನಿರ್ಧರಿಸಿ, ನೆನಪಿಗೆಂದು ಕರವಸ್ತ್ರಕ್ಕೆ ಗಟ್ಟಿಯಾಗಿ ಒಂದು ಗಂಟು ಹಾಕಿದ.

ಮರುದಿನ ಮೇಷ್ಟ್ರು ಬಂದರು. ಗಿಡಗಳ ಎಲೆ ಆಗಲೇ ಸ್ವಲ್ಪ ತಲೆಯೆತ್ತಿತ್ತು. ಸಾಹೇಬ ಒಡೆಯನನ್ನು ಒಮ್ಮೆ ಮೂಸಿ, ನೇರವಾಗಿ ಹೋಗಿ ಗಡಿಯಾರದಣ್ಣನ ತೊಡೆಯೇರಿ ಕೂತ.

"ನಿನ್ನ ಬಿಟ್ರೆ ಇನ್ಯಾರು ನೋಡ್ಕೋತಿದ್ರು ಮಾರಾಯ! ಮುಂದಿನ ತಿಂಗಳು ಎರಡು ವಾರ ಹೋಗ್ತೀನಿ, ಕೀಲಿ ನಿನ್ನ ಹತ್ರಾನೇ ಇರ್ಲಿ," ಎಂದರು ಮೇಷ್ಟ್ರು. ಅಣ್ಣ ಕಣ್ಣೊರೆಸಿಕೊಳ್ಳಲು ಕರವಸ್ತ್ರ ತೆಗೆದ. "ಅದೇನೋ ಗಂಟು?"

ಅಣ್ಣ ಗಂಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ, ತಲೆ ಕೆರೆದುಕೊಂಡ.

"ಏನೋ ಮುಖ್ಯವಾದ ವಿಷ್ಯಾನೇ ಇತ್ತು ಕಣೋ," ಎಂದ. "ಇರು, ಮನೆಗೆ ಹೋಗಿ ಇವಳನ್ನ ಕೇಳ್ತೀನಿ."