ನಾಳೆಯ ರೊಟ್ಟಿ

ಬೀರಲಿಂಗನ ಬಾಯಿಯೇ ಅವನಿಗೆ ಶತ್ರು. ತನ್ನ ಅಜ್ಜಿಯ ಎಪ್ಪತ್ತನೇ ಹುಟ್ಟುಹಬ್ಬಕ್ಕೆಂದು ಮಗಳು ಪ್ರಿಯಾಂಕಾ ಬಣ್ಣದ ಕಾರ್ಡು ತಂದಿದ್ದಳು. ಅದರಲ್ಲಿ ಅಚ್ಚಾಗಿದ್ದ ಸಾಲು ಓದಿ ಇವನು, "ಇದೇನ್ ಕವನ? ಇದಕ್ಕಿಂತ ಚಲೋ ನಾ ಬರಿತೀನಿ" ಅಂದುಬಿಟ್ಟ.

"ಹಂಗಾದ್ರ ಬರಿ ಅಪ್ಪಾ" ಎಂದವಳು, ಅವನು ಚಹಾ ಮುಗಿಸುವುದರೊಳಗೆ ಗೊರೇಬಾಳದ ಆ ಓಣಿಗೆಲ್ಲ ಸುದ್ದಿ ಮುಟ್ಟಿಸಿದಳು. ಸಂಜೆ ಆರಕ್ಕೆ ಕವನವಾಚನ!

ಬೀರಲಿಂಗನದು ಸಿಂಧನೂರಿನಲ್ಲಿ ಸುಟ್ಟ ಮೋಟಾರಿಗೆ ತಂತಿ ಸುತ್ತುವ ಅಂಗಡಿ. ಕವನವೆಂದರೆ ಏಳನೇ ತರಗತಿಯಲ್ಲಿ ಬಾಯಿಪಾಠ ಬಾರದೆ ಬೆಂಚಿನ ಮೇಲೆ ನಿಂತದ್ದಷ್ಟೇ ನೆನಪು. ಆದರೂ ಅಂಗಡಿಗೆ ಬಂದು ಕೂತು ಅವ್ವ ಗ್ಯಾನಮ್ಮನನ್ನು ನೆನೆದ ಕೂಡಲೇ ಎರಡು ಸಾಲು ತಾವಾಗಿಯೇ ಬಂದವು. ಕೈಗೆ ಸಿಕ್ಕ ರಿಪೇರಿ ಚೀಟಿಯ ಹಿಂದೆ ಗೀಚಿದ:

ರೊಟ್ಟಿಯ ತಟ್ಟಿದೆ ಬೆಳಗಿನ ಜಾವ
ನಗುವಲಿ ಮುಚ್ಚಿದೆ ಬೆನ್ನಿನ ನೋವ

ಅಷ್ಟರಲ್ಲಿ ಸಾಲಗುಂದದ ಮಾಳಿಂಗಪ್ಪ ಬಂದು ತನ್ನ ಮೋಟಾರನ್ನೂ ಅದರ ಚೀಟಿಯನ್ನೂ ಒಯ್ದ. ಅರ್ಧ ತಾಸಿಗೆ ಅವನದೇ ಫೋನು; ಸ್ಪೀಕರ್ ಆನ್ ಇತ್ತು.

"ಬೀರಲಿಂಗ, ಮೋಟಾರ್ ಯಾಕ ಸುಟ್ಟಿತ್ತು ಅಂತ ಬರದಿ ಅನ್ಕೊಂಡಿದ್ದೆ. ಇಲ್ಲಿ ನೋಡಿದ್ರ ಬೆನ್ನಿನ ನೋವ ಅಂತ ಐತಿ. ಬೆನ್ನು ಯಾರದು? ನಂದೋ, ಮೋಟಾರಿಂದೋ?"

ಪಕ್ಕದ ಬೀಜದಂಗಡಿಯ ವೀರೇಂದ್ರ ಇದನ್ನು ಕೇಳಿ ನಗುತ್ತಾ ಒಳಗೆ ಬಂದ. ಜೊತೆಗೆ ನಿವೃತ್ತ ಕನ್ನಡ ಮಾಸ್ತರು ಸಮೀಉಲ್ಲಾರನ್ನೂ ಕರೆತಂದ. ಮುಂದಿನ ಎರಡು ಸಾಲು ಅಷ್ಟುಹೊತ್ತಿಗೆ ಸಿದ್ಧವಾಗಿದ್ದವು:

ಗದ್ದೆಯ ಕೆಸರಲಿ ಸಸಿಗಳ ನೆಟ್ಟೆ
ಹಬ್ಬಕೆ ನನಗೇ ಹೊಸ ಬಟ್ಟೆಯ ಕೊಟ್ಟೆ

ಮಾಸ್ತರು ಕಣ್ಣು ಮುಚ್ಚಿ ಬೆರಳು ಮಡಚಿದರು. "ನೆಟ್ಟೆ, ಕೊಟ್ಟೆ. ಪ್ರಾಸ ಪಸಂದ್ ಐತಿ. ಮಾತ್ರೆ ತಪ್ಪೈತಿ. ಒಂದೊಂದು ಸಾಲಿಗೆ ನಾಕು, ನಾಕು, ನಾಕು, ಕಡೀಕ ಮೂರು. ಗದ್ದೆಯ ಅನ್ನು. ದ್ದೆ ಒತ್ತಕ್ಷರ, ಅದರ ಹಿಂದಿನ ಗ ಗುರು ಆತು, ಎರಡು ಮಾತ್ರೆ. ದ್ದೆ ಒಂದು, ಯ ಒಂದು. ನಾಕು ಆತಲ್ಲ? ಈಗ 'ಹೊಸ ಬಟ್ಟೆಯ' ಎಣಿಸು."

ಬೀರಲಿಂಗ ಎಣಿಸಿದ. ಆರು.

"ಹೊಸ ತೆಗಿ. ಸರಿ ಕೂಡ್ತದ."

ತಂತಿ ಒಂದು ಸುತ್ತು ಹೆಚ್ಚಾದರೂ ಮೋಟಾರಿನೊಳಗೆ ಕೂಡುವುದಿಲ್ಲವೆಂದು ಬೀರಲಿಂಗನಿಗೆ ಗೊತ್ತು. ಆದರೂ ಆ ಪದ ಬಿಡಲು ಮನಸ್ಸಾಗಲಿಲ್ಲ. "ಮಾಸ್ತರ್ರೀ, ಹೊಸಾ ಬಟ್ಟಿ ಅನ್ನೋದರಾಗೇ ಅಲ್ಲೇನ್ರೀ ಅಕಿ ಪ್ರೀತಿ ಇರೋದು?"

"ಪ್ರೀತಿ ಇರಲಿ, ಎರಡು ಮಾತ್ರೆ ಹೋಗಲಿ."

ಹೋಯಿತು. ಕೊನೆಯ ಜೋಡಿಗೆ ಮೊದಲ ಸಾಲು ಬಂತು: 'ಮುಪ್ಪಿನ ವೇಳೆಗೆ ಕೈಯನು ಹಿಡಿವೆ'. ಎರಡನೆಯದು ಮಾತ್ರ ಮೊಂಡು ಎತ್ತಿನ ಹಾಗೆ ನಿಂತಲ್ಲೇ ನಿಂತಿತು.

"ಹಿಡಿವೆ ಅಂದ್ರ... ಕುಡಿವೆ!" ಎಂದ ವೀರೇಂದ್ರ.

"ಅವ್ವನ ಹುಟ್ಟಿದ ದಿನ ಕುಡಿತೀನಿ ಅಂತ ಓಣಿ ಮುಂದ ಓದಲೇನು?"

"ಹಂಗಾದ್ರ ಬಡಿವೆ."

"ಯಾರನ್ನ ಬಡೀಲಿ? ನಿನ್ನನ್ನ?"

"ರೊಟ್ಟಿ ಬಡಿಯಪಾ! ನಾಳೆಯ ರೊಟ್ಟಿಯ ನಾನೇ ಬಡಿವೆ."

ಮಾಸ್ತರು ಬೆರಳು ಮಡಚಿದರು. ನಾಲ್ಕು, ನಾಲ್ಕು, ನಾಲ್ಕು, ಮೂರು. "ವಾಹ್! ಹಿಡಿವೆ, ಬಡಿವೆ. ಎರಡೂ ಕಡೆ ಡಿವೆ ಕೂಡೇತಿ. ಇದಕ್ಕಿಂತ ಚಲೋ ಸಿಗಂಗಿಲ್ಲ." ಗಂಟೆ ಐದೂವರೆ. ಬೀರಲಿಂಗ ಅದನ್ನೇ ಬರೆದುಕೊಂಡು ಇಬ್ಬರನ್ನೂ ಬೈಕಿಗೆ ಹತ್ತಿಸಿದ.

ಅಂಗಳದ ತುಂಬ ಜನ. ಗ್ಯಾನಮ್ಮ ಗೋಡೆಗೆ ಒರಗಿ, ಸೆರಗು ಹೊದ್ದು ಕುಳಿತಿದ್ದಳು. ಬೀರಲಿಂಗ ಹಾಳೆ ಬಿಚ್ಚಿ ಓದತೊಡಗಿದ. 'ಬೆನ್ನಿನ ನೋವ' ಎಂದಾಗ ಅವ್ವನ ಕೈ ತಾನಾಗಿಯೇ ಸೊಂಟಕ್ಕೆ ಹೋಯಿತು. 'ಬಟ್ಟೆಯ ಕೊಟ್ಟೆ' ಎಂದಾಗ ಕೈ ಎತ್ತಿ ನಿಲ್ಲಿಸಿದಳು.

"ಹೊಸಾ ಬಟ್ಟಿ ಅನ್ನಲಿಲ್ಲ ನೋಡು, ಖರೇ ಬರದಿ. ನಿಮ್ಮಪ್ಪನ ಧೋತರದಾಗ ಹರಿದ ಭಾಗ ಬಿಟ್ಟು ಹೊಲಿಸಿದ್ದೆ. ನಿನಗ ಗೊತ್ತಿಲ್ಲ ಅನ್ಕೊಂಡಿದ್ದೆ."

ಅವನಿಗೆ ಗೊತ್ತೇ ಇರಲಿಲ್ಲ. ಮೂವತ್ತೈದು ವರ್ಷ ಅದು ಪೇಟೆಯ ಬಟ್ಟೆ ಎಂದೇ ನಂಬಿದ್ದ. ಕೊನೆಯ ಎರಡು ಸಾಲನ್ನು ಹೇಗೋ ಓದಿ ಮುಗಿಸಿ ಅವ್ವನ ಕಾಲು ಮುಟ್ಟಿದ. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ವೀರೇಂದ್ರ.

ಗ್ಯಾನಮ್ಮ ಕಣ್ಣೊರೆಸಿಕೊಂಡಳು. "ಕಡೀ ಸಾಲು ಇನ್ನೊಮ್ಮೆ ಓದಪಾ."

ಓದಿದ.

"ಎಲ್ಲಾರೂ ಕೇಳಿದ್ರಲ್ಲ? ನಾಳೆ ಮುಂಜಾನಿ ಊಟಕ್ಕ ಎಲ್ಲಾರೂ ಇಲ್ಲೇ ಬರ್ರಿ. ಮಾಸ್ತರ್ರೀ, ನೀವೂ. ಪ್ರಿಯಾಂಕಾ, ಜ್ವಾಳದ ಹಿಟ್ಟು ಎಷ್ಟೈತಿ ನೋಡವಾ."

ಬೀರಲಿಂಗ ಹಾಳೆ ಎತ್ತಿ ತೋರಿಸಿದ. "ಯವ್ವಾ, ಅದು... ಪ್ರಾಸಕ್ಕ ಬರದದ್ದಬೇ!"

"ಹೌದೇನು?" ಗ್ಯಾನಮ್ಮ ಮಗನ ಮುಖವನ್ನೇ ನೋಡಿದಳು. "ಹಂಗಾದ್ರ ಮುಪ್ಪಿನಾಗ ಕೈ ಹಿಡಿತೀನಿ ಅಂದದ್ದೂ ಪ್ರಾಸಕ್ಕೇನು?"

ಬೀರಲಿಂಗ ಮಾಸ್ತರರತ್ತ ನೋಡಿದ. ಮಾಸ್ತರು ಆಕಾಶ ನೋಡಿದರು. ಅವನು ಮೆಲ್ಲಗೆ ಹಾಳೆ ಮಡಚಿ ಜೇಬಿಗಿಟ್ಟುಕೊಂಡ.

"ಹಿಟ್ಟಿಗೆ ನೀರು ಕಾಯಿಸಬೇಕೋ, ತಣ್ಣಂದು ಹಾಕಬೇಕೋ ಹೇಳಬೇ" ಎಂದ.