ಕಲ್ಲಿನ ರಾಜನ ಧೋತರ

ನಿಜಾಮರ ಕಾಲ. ನಾನು ಅಫಜಲಪುರದಲ್ಲಿ ಮಾಸ್ತರನಾಗಿದ್ದೆ. ಆ ವರ್ಷದ ಹಬ್ಬಕ್ಕೆ ಊರವರೇ ಸೇರಿ ಹಳೆಯ ಕಾಲದ ರಾಜನ ನಾಟಕ ಆಡುವುದೆಂದು ಠರಾವಾಯಿತು. ರಾಜ ನಾನು. ರಾಣಿ, ಅರಿವೆ ಅಂಗಡಿಯ ಶಿವಲಿಂಗಪ್ಪ.

ರಾಜನಿಗೆಂದು ಬಾಡಿಗೆಗೆ ತಂದಿದ್ದ ಮಖಮಲ್ ಕೋಟು ಕಂಡು ನನಗೆ ನಗು ಬಂತು. "ನಮ್ಮ ಹಳೇ ರಾಜರು ಕೋಟು ಎಲ್ಲಿ ಹಾಕ್ತಿದ್ರಪ? ಪುರಾವೆ ಗುಡಿ ಕಲ್ಲಿನಾಗ ಅದ. ಎಲ್ಲರ ಉಡುಪಿನ ಜವಾಬ್ದಾರಿ ನಂದು" ಎಂದೆ. ಯಾರೂ ಬೇಡ ಅನ್ನಲಿಲ್ಲ. ಕೇಡು ಶುರುವಾದದ್ದು ಅಲ್ಲಿಂದಲೇ.

ಮರುದಿನ ಹೆಂಡತಿ ಗೌರಮ್ಮನನ್ನು ಕರೆದುಕೊಂಡು ಊರಾಚೆಯ ಹಳೇ ಗುಡಿಗೆ ಹೋದೆ. ಗೋಡೆಯಲ್ಲಿ ಒಬ್ಬ ರಾಜ ನಿಂತಿದ್ದ. ಎದೆ ಬರಿದು. ಅದರ ಮೇಲೆ ಹಾರ, ತೋಳಿಗೆ ತೋಳ್ಬಂದಿ, ಕಿವಿಯಲ್ಲಿ ದೊಡ್ಡ ಕುಂಡಲ. ಸೊಂಟದಿಂದ ಕೆಳಗೆ ಕಾಲುಗಳ ನಡುವೆ ಬೀಸಣಿಗೆಯಂತೆ ಇಳಿದ ನೆರಿಗೆ. ಸೊಂಟಕ್ಕೆ ಅಗಲವಾದ ಪಟ್ಟಿ, ಅದರಿಂದ ತೊಡೆಯ ಮೇಲೆ ಜೋಲುವ ಮಣಿಸರ.

"ನೋಡು, ಬಾಳ ಸರಳ. ಅರಿವಿ ಸುತ್ತಬೇಕು, ನೆರಿಗಿ ಮುಂದ ಸಿಗಿಸಬೇಕು, ಮುಗೀತು. ಪಟ್ಟಿ ಬರೇ ಶೃಂಗಾರಕ್ಕ."

"ಹಿಂದ ಹೆಂಗ ಉಟ್ಟಾನ್ರಿ?"

"ಹಿಂದ ಗೋಡಿ ಅದ."

"ಗೋಡಿ ಅದ ಅಂತ ಹಿಂದ ಸಿಗಿಸೋ ಕಚ್ಚಿ ಇಲ್ಲ ಅನ್ನಾಕ ಬರ್ತದೇನು?"

ವಿದ್ವತ್ತಿನ ವಿಷಯದಲ್ಲಿ ಮನೆಯವರ ಮಾತು ಕೇಳಬಾರದೆಂದು ನಾನು ಮುಂದಿನ ಕಂಬಕ್ಕೆ ನಡೆದೆ. ಅಲ್ಲೊಬ್ಬ ಹೆಣ್ಣುಮಗಳು. ತಲೆಯ ಒಂದು ಬದಿಗೆ ದುಂಡಗೆ ಏನೋ ಉಬ್ಬಿತ್ತು, ಸುತ್ತ ಪಟ್ಟಿ ಪಟ್ಟಿ. "ರಾಣಿಯರೂ ರುಮಾಲು ಸುತ್ತುತ್ತಿದ್ದರು" ಎಂದು ತೀರ್ಮಾನಿಸಿದೆ. ಗೌರಮ್ಮ ತನ್ನ ತುರುಬು ಮುಟ್ಟಿಕೊಂಡು ನನ್ನ ಮುಖ ನೋಡಿದಳು. ನಾನು ಲಕ್ಷ್ಯ ಕೊಡಲಿಲ್ಲ.

ನಾಟಕದ ಸಂಜೆ ಮುಂದಿನ ಸಾಲಿನಲ್ಲಿ ಜೇವರ್ಗಿಯಿಂದ ಬಂದ ನನ್ನ ಮಾವನವರು ಕೂತಿದ್ದರು. ಅಳಿಯನ ಮೇಲೆ ಅವರಿಗೆ ಇದ್ದಬದ್ದ ಭರವಸೆಯೆಲ್ಲ ಅಂದು ಪಣಕ್ಕಿತ್ತು. ನಾನು ತೆಳ್ಳನೆಯ ಬಿಳಿ ಅರಿವೆ ಸುತ್ತಿ, ನೆರಿಗೆಯನ್ನು ಹೊಕ್ಕುಳ ಬಳಿ ಸಿಗಿಸಿದ್ದೆ. ಅದರ ಮೇಲೆ ರಟ್ಟಿನ ಪಟ್ಟಿ, ಬಂಗಾರದ ಕಾಗದ, ಎರಡೂ ತೊಡೆಗೆ ಗಾಜಿನ ಮಣಿಸರ. ಪ್ರವೇಶಿಸಿ ಸಿಂಹಾಸನದ ಮೇಲೆ ಕೂರುವವರೆಗೂ ಎಲ್ಲ ಭವ್ಯವಾಗಿತ್ತು.

ದೂತ ಓಡಿಬಂದು ಯುದ್ಧದ ಸುದ್ದಿ ಹೇಳಿದ. ನಾನು ಕತ್ತಿ ಹಿರಿದು ಎದ್ದೆ. ಮಣಿಸರ ಕುರ್ಚಿಯ ಕೈಗೆ ಸಿಕ್ಕಿತು. ರಟ್ಟು ಪಟ್ಟೆಂದು ಮುರಿಯಿತು. ನೆರಿಗೆ ಬಿಚ್ಚಿತು. ನಾನು ಎದ್ದದ್ದಕ್ಕಿಂತ ಜೋರಾಗಿ ಕೂತೆ.

ರಾಣಿ ಬಂದ. ಓರೆಯಾಗಿ ರುಮಾಲು ಸುತ್ತಿದ ಶಿವಲಿಂಗಪ್ಪ ಥೇಟ್ ದನದ ದಲ್ಲಾಳಿಯಂತೆ ಕಾಣುತ್ತಿದ್ದ. ಆದರೂ ಮಾತು ಮರೆಯಲಿಲ್ಲ. "ಸ್ವಾಮಿ, ಏಳಿರಿ. ಶತ್ರುಗಳು ಕೋಟೆಯ ಬಾಗಿಲಿಗೆ ಬಂದಿದ್ದಾರೆ."

"ಬರಲಿ."

"ಬಾಗಿಲು ಮುರಿಯುತ್ತಿದ್ದಾರೆ, ಸ್ವಾಮಿ."

"ಮುರಿಯಲಿ. ನಾವು ಇಲ್ಲಿಂದಲೇ ನೋಡಿಕೊಳ್ಳುತ್ತೇವೆ."

ಶಿವಲಿಂಗಪ್ಪ ಹತ್ತಿರ ಬಂದು ಪಿಸುಗುಟ್ಟಿದ. "ಮಾಸ್ತರ್ರ, ಏಳಾಕ ಏನ್ ಧಾಡಿ?"

"ಧೋತರ ಹೋಗ್ಯಾದಪ."

ಅವನು ನನ್ನ ಕೈಯ ಕತ್ತಿ ಕಸಿದುಕೊಂಡು, "ಹಾಗಾದರೆ ನಾನೇ ಹೊರಟೆ" ಎಂದು ಯುದ್ಧಕ್ಕೆ ನಡೆದ. ರುಮಾಲು ಕಟ್ಟಿದ ರಾಣಿ ಕತ್ತಿ ಬೀಸುತ್ತ ಒಳಗೆ ಓಡಿದ್ದೇ ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಯುದ್ಧ ಗೆದ್ದು ಬಂದ ರಾಣಿಗೆ ಮಾಲೆ ಬಿತ್ತು. ನಾನು ಪರದೆ ಬೀಳುವವರೆಗೂ ಕೂತೇ ಪ್ರಜೆಗಳನ್ನು ಆಳಿದೆ.

ಮಾವನವರು ಒಳಗೆ ಬಂದರು. ಬೈಯುತ್ತಾರೆಂದುಕೊಂಡೆ. "ಏನೇ ಅನ್ರಿ, ಅಳಿಯಂದ್ರ, ನೀವು ಗಟ್ಟಿ ರಾಜ. ಜೀವ ಹೋದ್ರೂ ಸಿಂಹಾಸನ ಬಿಡಲಿಲ್ಲ" ಎಂದು ಹೆಗಲು ತಟ್ಟಿದರು. ಅವರ ಹೊಟ್ಟೆ ನಗುವಿಗೆ ಕುಣಿಯುತ್ತಿತ್ತು.

ಎರಡು ದಿನ ಬಿಟ್ಟು ಗೌರಮ್ಮ ನನ್ನನ್ನು ಗುಡಿಗೆ ಎಳೆದುಕೊಂಡು ಹೋದಳು. ಹಿತ್ತಲಿನ ಬೇವಿನ ಗಿಡದ ಕೆಳಗೆ ತಲೆ ಹೋದ ಮೂರ್ತಿಯೊಂದು ಬಯಲಲ್ಲಿ ನಿಂತಿತ್ತು. ಅದಕ್ಕೆ ಗೋಡೆಯ ಆಸರೆ ಇರಲಿಲ್ಲ, ಬೆನ್ನಿನ ಕಡೆಯೂ ಪೂರಾ ಕೆತ್ತಿದ್ದರು. ಇಬ್ಬರೂ ಸುತ್ತು ಬಂದೆವು. ಅರಿವೆಯ ಒಂದು ಸೆರಗು ಕಾಲುಗಳ ನಡುವಿನಿಂದ ಹಿಂದಕ್ಕೆ ಹೋಗಿ ಸೊಂಟದಲ್ಲಿ ಬಿಗಿಯಾಗಿ ಸಿಕ್ಕಿತ್ತು, ಗೌರಮ್ಮ ಹೇಳಿದ ಕಚ್ಚೆ ಅದೇ. ಅದರ ಮೇಲೆ ಬಟ್ಟೆಯದೇ ನಡುಕಟ್ಟು ಸುತ್ತಿ, ಪಕ್ಕದಲ್ಲಿ ಗಂಟು ಹಾಕಿ, ಎರಡೂ ತುದಿ ಇಳಿಬಿಟ್ಟಿದ್ದರು. ಒಡವೆಯ ಪಟ್ಟಿ ಆ ಎಲ್ಲದರ ಮೇಲೆ. ತೊಡೆಯ ಮೇಲೆ ಕೂದಲೆಳೆಯಂಥ ಗೆರೆಗಳಿದ್ದವು. ಗೋಡೆಯ ರಾಜನ ಮೇಲೆ ಇಂಥವನ್ನೇ ಕಂಡು ನಾನು ಕಲ್ಲಿನ ಬಿರುಕೆಂದುಕೊಂಡಿದ್ದೆ. ಅವು ತೆಳ್ಳನೆಯ ಬಟ್ಟೆಯ ಮಡಿಕೆಗಳು. ಬಟ್ಟೆ ಎಲ್ಲಿ ಮುಗಿಯಿತೆಂದು ಕಣಕಾಲಿನ ಮೇಲಿನ ಅಂಚಿನ ಗೆರೆ ಹೇಳುತ್ತಿತ್ತು.

ಕಂಬದ ರಾಣಿಯನ್ನೂ ಮತ್ತೊಮ್ಮೆ ನೋಡಿದೆ. ಹತ್ತಿರ ಹೋದರೆ ತಲೆಯ ಉಬ್ಬಿನ ಮೇಲೆ ಕೂದಲ ಎಳೆ ಎಳೆ, ಪಟ್ಟಿ ಅಂದುಕೊಂಡದ್ದು ಹೂವಿನ ದಂಡೆ.

"ತುರುಬು" ಅಂದೆ.

"ಹೌದ್ರಿ, ತುರುಬು" ಅಂದಳು ಗೌರಮ್ಮ. ಇಬ್ಬರೂ ಅಲ್ಲೇ ಕಟ್ಟೆಯ ಮೇಲೆ ಕೂತು ಕಣ್ಣಲ್ಲಿ ನೀರು ಬರುವ ತನಕ ನಕ್ಕೆವು.

ಮುಂದಿನ ವರ್ಷ ಹೊಸ ನಾಟಕಕ್ಕೆ ಪಾತ್ರ ಹಂಚುವಾಗ ನಾನೂ ಹೋಗಿದ್ದೆ. ಎಲ್ಲರೂ ಮುಖ ಮುಖ ನೋಡಿಕೊಂಡರು. ಕೊನೆಗೆ ಶಿವಲಿಂಗಪ್ಪನೇ ಬಹಳ ಮರ್ಯಾದೆಯಿಂದ, "ಮಾಸ್ತರ್ರ, ಪರದಿ ಎಳೆಯೋ ಕೆಲಸ ನಿಮಗ ಬಿಟ್ಟೇವಿ. ಪೈಜಾಮ ಹಾಕ್ಕೊಂಡು ಬರ್ರಿ" ಎಂದ. ಹಾಕಿಕೊಂಡು ಹೋದೆ. ಲಾಡಿ ಬಿಗಿಯಾಗಿ ಕಟ್ಟಿ, ಎರಡು ಗಂಟು ಹಾಕಿದ್ದೆ.