ಲಲಿತಮ್ಮನವರ ಬೀಳ್ಕೊಡುಗೆ ಕಾರ್ಡು

ಗುಮಾಸ್ತನಾದವನು ಓದದೆ ಸಹಿ ಹಾಕುವುದನ್ನು ಕಲಿಯಲು ಹೆಚ್ಚು ದಿನ ಬೇಕಾಗುವುದಿಲ್ಲ. ನನಗಂತೂ ಒಂದು ವಾರ ಸಾಕಾಯಿತು. ಇದರ ಜೊತೆಗೆ ನನ್ನ ಕೈಬರಹವೋ, ಕಾಗೆ ಕಾಲು ಗುಬ್ಬಿ ಕಾಲು. ಹೆಬ್ಬಾಳದ ನಮ್ಮ ಕಚೇರಿಯಲ್ಲಿ ಅದನ್ನು ಓದಬಲ್ಲವರು ಟೈಪಿಸ್ಟ್ ಲಲಿತಮ್ಮ ಒಬ್ಬರೇ. ಅವರಿಗೆ ಮದುವೆ ನಿಶ್ಚಯವಾಗಿ ಒಂದು ತಿಂಗಳ ರಜೆ ಹಾಕಿದಾಗ ನಾನು ಅವರು ಮರಳುವ ತಾರೀಖಿಗೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡೆ. ಭಾವಿ ಅತ್ತೆ, "ಮದುವೆ ಆದ್ಮೇಲೆ ಕೆಲಸ ಯಾಕಮ್ಮ?" ಎಂದಿದ್ದರಂತೆ; ಹಾಗಾಗಿ ಮರಳುವುದೇ ಅನುಮಾನವಾಗಿತ್ತು.

ರಜೆಗೆ ಮುಂಚಿನ ಕೊನೆಯ ದಿನ ಗುಟ್ಟಾಗಿ ಒಂದು ಕಾರ್ಡು ಕೊಡೋಣವೆಂದು ಆರ್.ಟಿ. ನಗರದ ಅಂಗಡಿಯಿಂದ ಗುಲಾಬಿ ಚಿತ್ರದ್ದೊಂದನ್ನು ತಂದೆ. ಒಳಗಿದ್ದ ಇಂಗ್ಲಿಷ್ ಪದ್ಯ ಯಾರಿಗೂ ಅರ್ಥವಾಗದ್ದರಿಂದ, ಅದರ ಮೇಲೆ ನಮ್ಮದೇ ಮಾತಿನ ಬಿಳಿ ಹಾಳೆ ಅಂಟಿಸುವುದೆಂದು ತೀರ್ಮಾನವಾಯಿತು. ಕರಡು ನಾನೇ ಬರೆದೆ. ಕೊನೆಗೆ, "ರಜೆ ಮುಗಿಸಿ ನಮ್ಮಲ್ಲಿಗೇ ಮರಳಿ ಬನ್ನಿ" ಎಂದು ಸೇರಿಸಿದೆ. ಎಂದೂ ಇಲ್ಲದ ಶ್ರದ್ಧೆಯಿಂದ ಬರೆದ ಸಾಲು ಅದು.

ಲಲಿತಮ್ಮನ ಕಣ್ಣಿಗೆ ಬೀಳದಿರಲೆಂದು ಕರಡನ್ನು ಹಳೆಯ ಫೈಲಿನೊಳಗಿಟ್ಟು ಹೆಡ್ ಗುಮಾಸ್ತ ನಂಜುಂಡಯ್ಯನವರಿಗೆ ಕಳಿಸಿದೆ. "ಇದು ಬೇಡ ಕಣ್ರೀ. ಗಂಡನ ಮನೆ ವಿಚಾರಕ್ಕೆ ನಾವ್ಯಾಕೆ ಕೈ ಹಾಕ್ಬೇಕು?" ಎಂದು ಅವರು ಆ ಸಾಲಿನ ಮೇಲೆ ಕೆಂಪು ಗೆರೆ ಎಳೆದರು. ಸಾಹೇಬರು ಅಭ್ಯಾಸಬಲದಿಂದ ಅಂಚಿನಲ್ಲಿ "ಶುದ್ಧಪ್ರತಿ ಮಾಡಿ" ಎಂದು ಬರೆದರು. ಜವಾನ ಮುನಿಯಪ್ಪ, ಶುದ್ಧಪ್ರತಿ ಎಂದರೆ ಎಲ್ಲಿಗೆ ಹೋಗಬೇಕೋ ಅಲ್ಲಿಗೇ, ಲಲಿತಮ್ಮನ ಮೇಜಿಗೇ, ಒಯ್ದು ಕೊಟ್ಟ!

ಮಧ್ಯಾಹ್ನ ನೋಡುತ್ತೇನೆ, ಸಹಿಗೆ ಬಂದ ಕಾಗದಗಳ ತಟ್ಟೆಯಲ್ಲಿ ಅಂದವಾಗಿ ಟೈಪಾದ ಹಾಳೆ. ಮುನಿಯಪ್ಪನನ್ನು ಮೂಲೆಗೆ ಕರೆದೆ.

"ಏನಯ್ಯಾ ಹಿಂಗ್ ಮಾಡ್ದೆ?"

"ಇಪ್ಪತ್ತೊರ್ಸದಿಂದ ಇಂಗೇ ಕೊಡ್ತಾ ಇವ್ನಿ ಸೋಮಿ. ಇವತ್ತೊಂದಿನ ಬ್ಯಾಡ ಅಂತ ಯಾರು ಯೋಳಿದ್ರು?"

ಲಲಿತಮ್ಮ ಮಾತ್ರ ಏನೂ ಅರಿಯದವರಂತೆ ಮೇಜು ಒರೆಸುತ್ತಿದ್ದರು. ಗಡಿಬಿಡಿಯಲ್ಲಿ ಹಾಳೆ ಅಂಟಿಸಿ ಸಹಿಗೆ ಬಿಟ್ಟೆ. ಮೇಲಿನ ಜಾಗ ಸಾಹೇಬರಿಗೆ, ಅದರ ಕೆಳಗೆ ನಂಜುಂಡಯ್ಯನವರು ತಾರೀಖಿನ ಸಮೇತ, ಆಮೇಲೆ ನಾವೆಲ್ಲ. ಮೂಲೆಯಲ್ಲಿ ಮುನಿಯಪ್ಪನ ದಪ್ಪಕ್ಷರ. ಯಾರೂ ಓದಲಿಲ್ಲ.

ನಾಲ್ಕು ಗಂಟೆಗೆ ಖಾರಾಬೂಂದಿ, ಕಾಫಿ. ಸಾಹೇಬರು ಕಾರ್ಡು ಬಿಡಿಸಿ ಗಟ್ಟಿಯಾಗಿ ಓದಿದರು. ಕೊನೆಯ ಸಾಲು: "ರಜೆ ಮುಗಿಸಿ ನಮ್ಮಲ್ಲಿಗೇ ಮರಳಿ ಬನ್ನಿ." ನಂಜುಂಡಯ್ಯನವರ ಬಾಯಲ್ಲಿದ್ದ ಬೂಂದಿ ಅಲ್ಲೇ ನಿಂತಿತು.

"ಆಗ್ಲಿ ಸಾರ್," ಎಂದು ಲಲಿತಮ್ಮ ಎರಡೂ ಕೈಯಿಂದ ಕಾರ್ಡು ತೆಗೆದುಕೊಂಡರು. "ಅತ್ತೆ ಕೇಳಿದ್ರೆ ಇದನ್ನೇ ತೋರಿಸ್ತೀನಿ. ಆಫೀಸಿನೋರೆಲ್ಲ ಸಹಿ ಹಾಕಿದಾರಲ್ಲ." ನಗುತ್ತಲೇ ಹೇಳಿದರು, ಆದರೆ ಕಣ್ಣು ತುಂಬಿತ್ತು. ನಂಜುಂಡಯ್ಯನವರು ತಮ್ಮ ಸಹಿಯನ್ನೊಮ್ಮೆ ನೋಡಿಕೊಂಡು ಕಾಫಿ ಲೋಟ ಎತ್ತಿಕೊಂಡರು.

ತಿಂಗಳು ಮುಗಿದ ಮರುದಿನವೇ, ಯಲಹಂಕದ ಗಂಡನ ಮನೆಯಿಂದ ರೈಲು ಹಿಡಿದು ಲಲಿತಮ್ಮ ಕೆಲಸಕ್ಕೆ ಬಂದರು. ಹಿಗ್ಗಿ ಹೀರೇಕಾಯಾದ ನಾನು, "ನೀವಿಲ್ದೆ ನನ್ನ ಅಕ್ಷರ ಓದೋರೇ ಇರ್ಲಿಲ್ಲ ನೋಡಿ," ಎಂದೆ.

"ನಾನೂ ಓದ್ತಿರ್ಲಿಲ್ಲ ಸಾರ್," ಎಂದರು ಅವರು, ಯಂತ್ರಕ್ಕೆ ಹಾಳೆ ಸಿಕ್ಕಿಸುತ್ತಾ. "ಇಷ್ಟು ವರ್ಷ ನೀವು ಏನ್ ಬರೆದಿರಬಹುದು ಅಂತ ಊಹಿಸ್ಕೊಂಡು ನಾನೇ ಟೈಪ್ ಮಾಡ್ತಿದ್ದೆ. ನೀವೂ ಓದ್ದೆ ಸಹಿ ಹಾಕ್ತಿದ್ರಿ. ಅವತ್ತು ಆ ಒಂದು ಸಾಲು ಮಾತ್ರ, ಹೊಡೆದುಹಾಕಿದ್ರೂ, ಸ್ಪಷ್ಟವಾಗಿ ಕಾಣಿಸ್ತು."